ಹಸಿರು ಹಗ್ಗ ಕಟ್ಟಿದ ವಾಲ್ವ್ ಮತ್ತು ಹೆಸರಿಲ್ಲದ ಕಾಗದ

"ದಮ್ಮಿದ್ರೆ ಹೆಸರು ಹಾಕಿ ಬರೀಬೇಕಿತ್ತು ಮಾರಾಯ. ಹೆಸರಿಲ್ಲದ ಅರ್ಜಿಗೆ ಎಂತಾ ಬೆಲೆ?"

ಬಂದರಿನ ಚಹಾ ಅಂಗಡಿಯಲ್ಲಿ ನಿನ್ನೆ ಕೇಳಿದ ಮಾತಿದು. ಹೇಳಿದವರು ಒಳ್ಳೆಯವರೇ. ಆದರೆ ನನಗೆ ಇಡೀ ರಾತ್ರಿ ಸಿಟ್ಟು ಇಳಿಯಲಿಲ್ಲ. ಅವರು ಹಗುರವಾಗಿ ಮಾತಾಡಿದ್ದು ಒಂದು ಐಸ್ ಪ್ಲಾಂಟಿನ ಅಪಾಯದ ಬಗ್ಗೆ ಅಧಿಕಾರಿಗಳಿಗೆ ಹೋದ ಹೆಸರಿಲ್ಲದ ದೂರಿನ ಬಗ್ಗೆ. ಆ ಕಾಗದವನ್ನು ನಾನು ಓದಿದ್ದೇನೆ. ಬರೆದವರು ಯಾರೆಂದೂ ಗೊತ್ತು. ಹೇಳುವುದಿಲ್ಲ. ಊರನ್ನೂ ಹೇಳುವುದಿಲ್ಲ. ಕಾರವಾರದಿಂದ ಭಟ್ಕಳದವರೆಗೆ ಎಷ್ಟೋ ಐಸ್ ಪ್ಲಾಂಟುಗಳಿವೆ, ಅವುಗಳಲ್ಲಿ ಒಂದು ಎಂದುಕೊಳ್ಳಿ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಬರೆದವರು ಒಪ್ಪಿದ ಮೇಲೆಯೇ ಇದನ್ನು ಹಾಕುತ್ತಿದ್ದೇನೆ. ಕಮೆಂಟಿನಲ್ಲಿ ಊಹೆ ಮಾಡಬೇಡಿ, ಅಳಿಸಿಬಿಡುತ್ತೇನೆ.

ನಾನು ಅಮೋನಿಯಾ ಕಂಪ್ರೆಸರ್‌ಗಳ ನಡುವೆ ಕೆಲಸ ಮಾಡಿದವನು ಎಂದು ನಿಮಗೆಲ್ಲ ಗೊತ್ತೇ ಇದೆ. ಹಾಗಾಗಿ ಅಪಾಯ ಯಾವುದು ಅಂತ ಮೊದಲು ಹೇಳುತ್ತೇನೆ. ಅದು ತಿಳಿಯದೆ ಆ ಕಾಗದದ ಬೆಲೆ ತಿಳಿಯುವುದಿಲ್ಲ.

ಮೀನಿಗೆ ಹಾಕುವ ಐಸ್ ಮಾಡುವ ಪ್ಲಾಂಟಿನಲ್ಲಿ ತಂಪು ಮಾಡುವುದು ಅಮೋನಿಯಾ. ಕಂಪ್ರೆಸರ್‌ಗೆ ಹಾಕಿದ ಆಯಿಲ್ ಸ್ವಲ್ಪ ಸ್ವಲ್ಪವೇ ಗ್ಯಾಸಿನ ಜೊತೆ ಮುಂದಕ್ಕೆ ಹೋಗುತ್ತದೆ. ದ್ರವ ಅಮೋನಿಯಾಕ್ಕಿಂತ ಆಯಿಲ್ ಭಾರ. ಹಾಗಾಗಿ ಅದು ರಿಸೀವರ್ ಎಂಬ ದೊಡ್ಡ ಸಿಲಿಂಡರಿನ ತಳಕ್ಕೆ ಹೋಗಿ ಕೂರುತ್ತದೆ. ಆಗಾಗ ಅದನ್ನು ತೆಗೆಯಲೇಬೇಕು, ಬೇರೆ ದಾರಿ ಇಲ್ಲ. ನಮ್ಮ ಕರಾವಳಿಯ ಸೆಖೆಗೆ ಆ ರಿಸೀವರ್ ಒಳಗೆ ಚದರ ಇಂಚಿಗೆ ಸುಮಾರು 180 ಪೌಂಡ್ ಒತ್ತಡ ಇರುತ್ತದೆ.

ತೆಗೆಯುವುದಕ್ಕೆ ಒಂದು ಕ್ರಮ ಇದೆ. ಆಯಿಲನ್ನು ಮೊದಲು ಒಂದು ಸಣ್ಣ ಪಾತ್ರೆಗೆ ಇಳಿಸಬೇಕು. ಆಮೇಲೆ ರಿಸೀವರ್ ಕಡೆಯ ವಾಲ್ವ್ ಬಂದ್ ಮಾಡಿ, ಪಾತ್ರೆಯನ್ನು ಸಕ್ಷನ್ ಲೈನಿಗೆ ತೆರೆದು, ಅದರಲ್ಲಿ ಉಳಿದ ಅಮೋನಿಯಾವನ್ನು ಕಂಪ್ರೆಸರ್ ಎಳೆದುಕೊಳ್ಳಲು ಬಿಡಬೇಕು. ಆಗ ಪಾತ್ರೆಯ ಹೊರಮೈ ಮೇಲೆ ಬೆಳ್ಳಗೆ ಹಿಮ ಕಟ್ಟುತ್ತದೆ. ಹಿಮ ಕರಗಿ ನೀರಾಗಿ ಇಳಿಯುವವರೆಗೆ ಕಾಯಬೇಕು. ಹಿಮ ಇದ್ದರೆ ಒಳಗೆ ಅಮೋನಿಯಾ ಇನ್ನೂ ಕುದಿಯುತ್ತಿದೆ ಎಂದರ್ಥ. ಅದು ಕರಗಿ, ಗೇಜಿನ ಮುಳ್ಳೂ ಕೆಳಗಿಳಿದ ಮೇಲೆ ಸಕ್ಷನ್ ಕಡೆಯದನ್ನೂ ಬಂದ್ ಮಾಡಿ ಆಯಿಲ್ ಬಿಡಬೇಕು. ಅದೂ ಎರಡು ವಾಲ್ವ್ ದಾಟಿ. ಮೇಲಿನದು ಚಕ್ರದ ವಾಲ್ವ್. ಕೆಳಗಿನದು ಸ್ಪ್ರಿಂಗ್ ವಾಲ್ವ್. ಕೈಯಲ್ಲಿ ಒತ್ತಿ ಹಿಡಿದಿದ್ದರೆ ಮಾತ್ರ ತೆರೆದಿರುತ್ತದೆ, ಕೈ ಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ.

ಆ ಸ್ಪ್ರಿಂಗ್ ಇರುವುದೇ ಮನುಷ್ಯ ಓಡಿಹೋಗಲಿ ಎಂದು. ಗ್ಯಾಸ್ ಬಂತೋ, ಕೈ ಬಿಟ್ಟು ಓಡು. ಬಂದ್ ಮಾಡುವ ಕೆಲಸ ಅದರದ್ದು.

ಈ ಪ್ಲಾಂಟಿನಲ್ಲಿ ಮಾಡುತ್ತಿದ್ದದ್ದೇನು? ಮಧ್ಯದ ಪಾತ್ರೆ ಇಲ್ಲ. ನೇರ ರಿಸೀವರ್‌ನಿಂದ, ಅದೂ ಪ್ಲಾಂಟ್ ಓಡುತ್ತಿರುವಾಗ, ಬಕೆಟಿಗೆ. ಆಯಿಲ್ ದಪ್ಪ, ನಿಧಾನ ಇಳಿಯುತ್ತದೆ, ಅಷ್ಟು ಹೊತ್ತು ಹಿಡಿಕೆ ಒತ್ತಿ ಕೂತರೆ ಕೈ ನೋಯುತ್ತದೆ. ಅದಕ್ಕೆ ಬಲೆ ಹೊಲಿಯುವ ಹಸಿರು ನೈಲಾನ್ ಹಗ್ಗದಿಂದ ಸ್ಪ್ರಿಂಗ್ ವಾಲ್ವಿನ ಹಿಡಿಕೆಯನ್ನು ತೆರೆದೇ ಇರುವಂತೆ ಬಿಗಿದು ಕಟ್ಟಿದ್ದರು. ಹಗ್ಗಕ್ಕೆ ಆಯಿಲ್ ಹತ್ತಿ ಕಪ್ಪಾಗಿತ್ತು. ಅಂದರೆ ನಿನ್ನೆ ಮೊನ್ನೆ ಕಟ್ಟಿದ್ದಲ್ಲ.

ಇದರಲ್ಲಿ ಎಡವಟ್ಟು ಆಗುವುದು ಹೀಗೆ. ಪೈಪಿನಲ್ಲಿ ಆಯಿಲ್ ಗಟ್ಟಿಯಾಗಿಯೋ ಕಸ ಸಿಕ್ಕಿಯೋ ಕಟ್ಟಿಕೊಳ್ಳುತ್ತದೆ. ಆಪರೇಟರ್ ಚಕ್ರವನ್ನು ಇನ್ನೂ ಎರಡು ಸುತ್ತು ತೆರೆಯುತ್ತಾನೆ. ಕಟ್ಟಿದ್ದು ಒಮ್ಮೆಲೇ ಬಿಡುತ್ತದೆ. ಆಯಿಲಿನ ಹಿಂದೆಯೇ ದ್ರವ ಅಮೋನಿಯಾ ಪಿಚಕಾರಿಯ ಹಾಗೆ ನುಗ್ಗುತ್ತದೆ. ಒಂದು ಲೀಟರ್ ದ್ರವ ಹೊರಬಂದರೆ ಎಂಟು ನೂರು ಲೀಟರಿಗೂ ಜಾಸ್ತಿ ಗ್ಯಾಸ್ ಆಗುತ್ತದೆ. ಕೋಣೆ ಬೆಳ್ಳಗೆ ಮಂಜು. ಕಣ್ಣು ಬಿಡಲಾಗದು, ಉಸಿರು ಎಳೆಯಲಾಗದು. ಬಂದ್ ಮಾಡಬೇಕಾದ ಚಕ್ರ ಇರುವುದು ಅದೇ ಮಂಜಿನೊಳಗೆ. ತಾನೇ ಮುಚ್ಚಬೇಕಿದ್ದ ವಾಲ್ವಿಗೆ ಹಗ್ಗ ಕಟ್ಟಿದೆ.

ಅಮೋನಿಯಾ ಗಾಳಿಗಿಂತ ಹಗುರ, ಮೇಲಕ್ಕೆ ಹೋಗುತ್ತದೆ ಬಿಡಿ, ಎನ್ನುವವರಿದ್ದಾರೆ. ದ್ರವವಾಗಿ ಚಿಮ್ಮಿದಾಗ ಹಾಗಲ್ಲ. ವಿಪರೀತ ತಣ್ಣಗಿರುತ್ತದೆ, ನಮ್ಮ ಸಮುದ್ರದ ಹಸಿ ಗಾಳಿಯ ಜೊತೆ ಸೇರಿ ನೆಲ ಹಿಡಿದೇ ಹರಿಯುತ್ತದೆ. ಗೋಡೆಯಾಚೆ ಬೋಟಿಗೆ ಐಸ್ ತುಂಬುವವರು ನಿಂತಿರುತ್ತಾರೆ. ಅವರಿಗೆ ಯಾವ ವಾಲ್ವಿನ ಸುದ್ದಿಯೂ ಗೊತ್ತಿರುವುದಿಲ್ಲ.

ಇದನ್ನು ನೋಡಿದವರು ಮೊದಲು ಬರೆದುಕೊಂಡು ಬಂದದ್ದು ಹೀಗಿತ್ತು: "ಐಸ್ ಪ್ಲಾಂಟಿನಲ್ಲಿ ಸುರಕ್ಷತೆ ಇಲ್ಲ. ಕೆಲಸಗಾರರ ಜೀವದ ಜೊತೆ ಆಟ ಆಡುತ್ತಿದ್ದಾರೆ. ಕೂಡಲೇ ಕ್ರಮ ಕೈಗೊಳ್ಳಿ." ಅದರಲ್ಲಿ ನೋವಿತ್ತು, ಮಾಹಿತಿ ಇರಲಿಲ್ಲ. ಇದನ್ನು ಹಿಡಿದು ಅಧಿಕಾರಿ ಹೋದರೆ ಮಾಲೀಕ ಕೆಂಪು ಬಕೆಟ್, ರಿಜಿಸ್ಟರ್ ತೋರಿಸುತ್ತಾನೆ. ಅವರು ಸಹಿ ಮಾಡಿ ಬರುತ್ತಾರೆ. ಹಗ್ಗ ಅಲ್ಲೇ ಇರುತ್ತದೆ.

ಹೆಸರು ಹಾಕಿದ ದೂರಾದರೆ ಅಧಿಕಾರಿ ಫೋನ್ ಮಾಡಿ "ಎಲ್ಲಿ, ಯಾವುದು, ಯಾವಾಗ" ಎಂದು ಕೇಳಬಹುದು. ಹೆಸರಿಲ್ಲದ ಕಾಗದವನ್ನು ಯಾರೂ ತಿರುಗಿ ಪ್ರಶ್ನೆ ಕೇಳಲಾರರು. ಅವರು ಕೇಳಬಹುದಾದ ಎಲ್ಲಕ್ಕೂ ಉತ್ತರ ಅದರಲ್ಲೇ ಇರಬೇಕು. ನಾವು ಕೂತು ಮತ್ತೆ ಬರೆದೆವು. ಪ್ಲಾಂಟಿನ ಹೆಸರು, ದಾರಿ ಬಿಟ್ಟು ಉಳಿದದ್ದು ಇದು:

"ಇನ್ನೂ ಯಾರಿಗೂ ಪೆಟ್ಟಾಗಿಲ್ಲ, ಆಗುವ ಮುಂಚೆ ಬರೆಯುತ್ತಿದ್ದೇವೆ. ಕಂಪ್ರೆಸರ್ ಕೋಣೆಯ ಹಿಂಬಾಗಿಲಿನಿಂದ ಒಳಗೆ ಬಂದರೆ ಎಡಕ್ಕೆ ಅಮೋನಿಯಾ ರಿಸೀವರ್ ಇದೆ. ಅದರ ತಳದಲ್ಲಿ, ಗೋಡೆಯ ಕಡೆಯ ತುದಿಗೆ, ಆಯಿಲ್ ತೆಗೆಯುವ ಪೈಪ್ ಇದೆ. ಅದರ ಕೆಳಗಿನ ಸ್ಪ್ರಿಂಗ್ ವಾಲ್ವಿನ ಹಿಡಿಕೆಗೆ ಹಸಿರು ಹಗ್ಗ ಕಟ್ಟಿ ಸದಾ ತೆರೆದಿಟ್ಟಿದ್ದಾರೆ. ಪ್ಲಾಂಟ್ ಓಡುತ್ತಿರುವಾಗಲೇ, ಬೋಟುಗಳಿಗೆ ಐಸ್ ತುಂಬುವ ಹೊತ್ತಿನಲ್ಲಿ, ಒಬ್ಬರೇ ಆಯಿಲ್ ತೆಗೆಯುತ್ತಾರೆ. ಗ್ಯಾಸ್ ಮಾಸ್ಕ್ ಅದೇ ಕೋಣೆಯೊಳಗಿನ ಕಪಾಟಿನಲ್ಲಿ ಬೀಗ ಹಾಕಿಕೊಂಡಿದೆ. ನೋಡಲು ಯಂತ್ರ ನಿಲ್ಲಿಸಬೇಕಿಲ್ಲ, ಬಗ್ಗಿದರೆ ಹಗ್ಗ ಕಾಣುತ್ತದೆ. ದೂರು ಬಂದಿದೆ ಎಂದು ಅಲ್ಲಿ ಹೇಳಬೇಡಿ."

ಇಷ್ಟೇ. ಮಾಲೀಕ ಕೆಟ್ಟವನು, ದುಡ್ಡಿನಾಸೆ, ಎಂಬ ಒಂದು ಮಾತೂ ಇಲ್ಲ. ಅದನ್ನು ತೆಗೆಸಿದ್ದು ನಾನೇ. ಬೈಗುಳ ಸೇರಿದ ಕೂಡಲೇ ಓದುವವರು ಹಗ್ಗ ಬಿಟ್ಟು ಜಗಳ ಹುಡುಕುತ್ತಾರೆ.

ಕೆಲವನ್ನು ಬೇಕೆಂದೇ ಬಿಟ್ಟೆವು. ಇಂಥ ದಿನ, ಇಷ್ಟು ಗಂಟೆಗೆ ನೋಡಿದೆ ಎಂದು ಬರೆದಿದ್ದರೆ ಆ ಹೊತ್ತಿಗೆ ಡ್ಯೂಟಿಯಲ್ಲಿದ್ದ ಒಂದಿಬ್ಬರಲ್ಲಿ ಒಬ್ಬರು ಎಂದು ಆಗಲೇ ಗೊತ್ತಾಗುತ್ತಿತ್ತು. ಅದಕ್ಕೆ ಯಾವಾಗ ಹೋದರೂ ಕಾಣುವ ಸಂಗತಿಯನ್ನೇ ಹಿಡಿದೆವು. ಮೊಬೈಲಿನಲ್ಲಿ ಫೋಟೊ ಇತ್ತು, ಕಳಿಸಲಿಲ್ಲ. ಯಾವ ಮೂಲೆಯಲ್ಲಿ ನಿಂತು ತೆಗೆದದ್ದು ಎಂದು ಒಳಗಿನವರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಫೈಲಿನಲ್ಲಿ ಸಮಯ, ಜಾಗ ಸೇರಿಕೊಂಡಿರುವುದೂ ಉಂಟು. ಕೈಬರಹ ಬೇಡವೆಂದು ಟೈಪ್ ಮಾಡಿ, ಬೇರೆ ಊರಿನಿಂದ ಅಂಚೆಗೆ ಹಾಕಿಸಿದೆವು. ಒಂದು ಪ್ರತಿ ಕಾರ್ಖಾನೆಗಳನ್ನು ನೋಡಿಕೊಳ್ಳುವ ಇಲಾಖೆಗೆ. ಇಷ್ಟು ಸಣ್ಣ ಪ್ಲಾಂಟ್ ನಮಗೆ ಬರುವುದಿಲ್ಲ ಎಂದು ಅವರು ಹೇಳಿದರೆ ಇರಲಿ ಎಂದು ಇನ್ನೊಂದು ಜಿಲ್ಲಾಧಿಕಾರಿಗೆ. ಜಿಲ್ಲೆಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಅಧ್ಯಕ್ಷರು ಅವರೇ.

ಈಗ "ಹೆಸರು ಹಾಕಬೇಕಿತ್ತು" ಎಂಬ ಮಾತಿಗೆ ಬರುತ್ತೇನೆ. ಹೆಸರಿಲ್ಲದ ಅರ್ಜಿಯಿಂದ ಸೇಡು ತೀರಿಸಿಕೊಳ್ಳುವವರು ಇದ್ದಾರೆ, ಒಪ್ಪುತ್ತೇನೆ. ಕೇಂದ್ರ ಜಾಗೃತ ಆಯೋಗ ಹೆಸರಿಲ್ಲದ ದೂರುಗಳನ್ನು ತೆಗೆದುಕೊಳ್ಳದೇ ಇರುವುದಕ್ಕೂ ಕಾರಣ ಇದೆ. ಅಲ್ಲಿ ದೂರು ಒಬ್ಬ ಮನುಷ್ಯನ ಮೇಲೆ. ಅವನು ಲಂಚ ತಿಂದನೋ ಇಲ್ಲವೋ ಎಂಬುದು ಹೇಳಿದವರ ಮಾತಿನ ಮೇಲೆ ನಿಂತಿರುತ್ತದೆ. ಇಲ್ಲಿ ದೂರು ಒಂದು ವಾಲ್ವಿನ ಮೇಲೆ. ಹಗ್ಗ ಇದೆಯೋ ಇಲ್ಲವೋ, ಹೋಗಿ ಬಗ್ಗಿ ನೋಡಿದರೆ ಮುಗಿಯಿತು. ನಾನು ಬರೆದರೂ ಹಗ್ಗ ಅದೇ, ನನ್ನ ವೈರಿ ಬರೆದರೂ ಹಗ್ಗ ಅದೇ. ಇಲ್ಲದಿದ್ದರೆ ಅಧಿಕಾರಿಗೆ ಅರ್ಧ ದಿನ ಹಾಳು, ಅಷ್ಟೇ ಅಲ್ವಾ?

ಕಾನೂನು ಮಾಡಿದವರಿಗೂ ಇದು ಹೊಳೆದಿತ್ತು. 1948ರ ಕಾರ್ಖಾನೆ ಕಾಯ್ದೆಗೆ 1987ರಲ್ಲಿ 118ಎ ಎಂಬ ಕಲಂ ಸೇರಿಸಿದರು. ದೂರು ಕೊಟ್ಟವರು ಯಾರೆಂಬುದನ್ನು ಇನ್‌ಸ್ಪೆಕ್ಟರ್ ಗುಟ್ಟಾಗಿಡಬೇಕು, ತಪಾಸಣೆಗೆ ಹೋದಾಗ ದೂರಿನ ಮೇಲೆ ಬಂದಿದ್ದೇನೆ ಎಂದು ಮಾಲೀಕನಿಗೆ ಹೇಳಲೂ ಬಾರದು ಎಂದು ಅದರಲ್ಲಿತ್ತು. ಕೆಲಸಗಾರನ ಹೆಸರು ಹೊರಬಿದ್ದರೆ ಏನಾಗುತ್ತದೆ ಎಂದು ದಿಲ್ಲಿಯಲ್ಲಿ ಕೂತವರಿಗೆ ಗೊತ್ತಿತ್ತು. ನಮ್ಮ ಬಂದರಿನ ಚಹಾ ಅಂಗಡಿಯಲ್ಲಿ ಕೂತವರಿಗೆ ಗೊತ್ತಿಲ್ಲವೇ? ಬರೆದವರಿಗೆ ಮನೆ ಇದೆ, ಸಾಲ ಇದೆ. ಆ ಪ್ಲಾಂಟ್ ಬಿಟ್ಟರೆ ಪಕ್ಕದ ಪ್ಲಾಂಟಿನವರೂ ಕರೆಯುವುದಿಲ್ಲ. ದಮ್ಮಿನ ಮಾತಾಡುವವರು ಅವರ ತಿಂಗಳ ರೇಷನ್ ಕೊಡುತ್ತಾರಾ?

ನನಗೆ ಸಂಕಟ ಆಗುವುದು ಇದಕ್ಕೇ. ಸೋರಿ, ನಾಲ್ಕು ಜನ ಆಸ್ಪತ್ರೆ ಸೇರಿದ ಮೇಲೆ ಎಲ್ಲರೂ "ಯಾರಿಗಾದರೂ ಮೊದಲೇ ಹೇಳಬಾರದಿತ್ತಾ" ಎಂದು ಕೇಳುತ್ತಾರೆ. ಮೊದಲೇ ಹೇಳಿದಾಗ "ನೀನು ಯಾರು" ಎಂದು ಕೇಳುತ್ತಾರೆ.

ಕಾಗದಕ್ಕೆ ಫಲ ಸಿಕ್ಕಿತು. ಅಧಿಕಾರಿಗಳು ಬಂದರು, ಸುತ್ತಮುತ್ತಲಿನ ಬೇರೆ ಪ್ಲಾಂಟುಗಳಿಗೂ ಹೋದರು. ಯಾವುದಕ್ಕೆ ಬಂದದ್ದು ಎಂದು ಯಾರಿಗೂ ತಿಳಿಯಬಾರದೆಂದು ಹಾಗೆ ಮಾಡಿದ್ದರೆ ಅವರಿಗೆ ಕೈ ಮುಗಿಯುತ್ತೇನೆ. ಹಗ್ಗ ಹೋಯಿತು, ಸ್ಪ್ರಿಂಗ್ ವಾಲ್ವ್ ಹೊಸದು ಬಂತು. ಆಯಿಲ್ ತೆಗೆಯುವಾಗ ಇಬ್ಬರು ಇರುತ್ತಾರಂತೆ. ಮಧ್ಯದ ಪಾತ್ರೆಯನ್ನು ಮೀನುಗಾರಿಕೆ ನಿಷೇಧದ ಜೂನ್–ಜುಲೈನಲ್ಲಿ, ಪ್ಲಾಂಟ್ ನಿಲ್ಲಿಸಿದಾಗ, ಕೂರಿಸುತ್ತಾರಂತೆ.

ಮಾಸ್ಕ್ ಮಾತ್ರ ಇನ್ನೂ ಕಂಪ್ರೆಸರ್ ಕೋಣೆಯ ಒಳಗಿನ ಕಪಾಟಿನಲ್ಲೇ ಇದೆ. ಗ್ಯಾಸ್ ಸೋರುವುದು ಆ ಕೋಣೆಯಲ್ಲೇ. ಮಾಸ್ಕ್ ತರಲು ಮಾಸ್ಕ್ ಇಲ್ಲದೆ ಆ ಗ್ಯಾಸಿನೊಳಗೆ ಹೋಗಬೇಕು. ಅದು ಬಾಗಿಲಿನ ಹೊರಗೆ, ಬೀಗವಿಲ್ಲದೆ, ಕೈಗೆ ಸಿಗುವ ಹಾಗೆ ಇರಬೇಕು, ಪಕ್ಕದಲ್ಲೇ ಕಣ್ಣು ತೊಳೆಯಲು ನೀರಿನ ನಲ್ಲಿ ಇರಬೇಕು. ಎರಡನೇ ಕಾಗದ ಟೈಪ್ ಆಗಿದೆ. ಅದರಲ್ಲಿ ಕಪಾಟು ಯಾವ ಗೋಡೆಗಿದೆ, ಬೀಗದ ಕೈ ಯಾರ ಮೇಜಿನಲ್ಲಿರುತ್ತದೆ ಎಂದು ಬರೆದಿದೆ. ಹೆಸರು ಅದರಲ್ಲೂ ಇಲ್ಲ.