ವಾರ್ಡ್ ಕಪಾಟಿನಲ್ಲಿ ಕುಳಿತ ಏಳು ವಯಲ್‌ಗಳ ಬಿಲ್

ಬಿ.ಎಂ. ರಸ್ತೆಯ ಒಂದು ಆಸ್ಪತ್ರೆಯಿಂದ ಭಾವನನ್ನು ಡಿಸ್ಚಾರ್ಜ್ ಮಾಡಿಸಿಕೊಂಡು ಈಗಷ್ಟೇ ಬಂದೆ. ತಲೆ ಇನ್ನೂ ಬಿಸಿಯಾಗಿದೆ. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಹಾಕಿಕೊಡುವುದೇ ನನ್ನ ಹೊಟ್ಟೆಪಾಡು ಅಂತ ನಿಮಗೆಲ್ಲ ಗೊತ್ತು. ಅದಕ್ಕೇ ಸಿಟ್ಟು ಜಾಸ್ತಿ.

ಭಾವನಿಗೆ ಪಿಪೆರಾಸಿಲಿನ್-ಟ್ಯಾಜೊಬ್ಯಾಕ್ಟಮ್ ಅನ್ನೋ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಬರೆದಿದ್ದರು. ಎಂಟು ಗಂಟೆಗೊಂದು, ಐದು ದಿನ. ವಾರ್ಡಿನವರು ಫಾರ್ಮಸಿಗೆ ಬೇಡಿಕೆ ಪಟ್ಟಿ, ಅಂದರೆ ಇಂಡೆಂಟ್ ಹಾಕಿ 15 ವಯಲ್ ಒಟ್ಟಿಗೆ ತರಿಸಿಕೊಂಡರು. ಫಾರ್ಮಸಿ ಕೊಟ್ಟ ಕ್ಷಣವೇ 15 ಕೂಡ ಬಿಲ್ಲಿಗೆ ಏರಿದವು. ಎಂಟು ಡೋಸ್ ಆದಮೇಲೆ ಕಲ್ಚರ್ ರಿಪೋರ್ಟ್ ಬಂತು, ಡಾಕ್ಟರ್ ಮಾತ್ರೆಗೆ ಬದಲಾಯಿಸಿದರು. ಉಳಿದ ಏಳು ವಾರ್ಡ್ ಕಪಾಟಿನಲ್ಲಿ ಆರಾಮಾಗಿ ಕುಳಿತವು.

ವಿಮಾ ಕಂಪನಿಯ ಪರವಾಗಿ ಕ್ಲೇಮ್ ನೋಡುವ ಟಿಪಿಎಯವರು ಬಿಲ್ಲನ್ನೂ ಡ್ರಗ್ ಚಾರ್ಟನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಚಾರ್ಟಿನಲ್ಲಿ ಎಂಟು, ಬಿಲ್ಲಿನಲ್ಲಿ ಹದಿನೈದು. ಏಳರ ದುಡ್ಡು ಕಟ್. ಕೌಂಟರಿನ ಹುಡುಗ, "ಸರ್, ಇನ್ಶೂರೆನ್ಸ್‌ನವರು ಕೊಡಲಿಲ್ಲ, ನೀವೇ ಕಟ್ಟಬೇಕು" ಅಂದ. ಕೊಡದೇ ಇರುವ ಔಷಧಿಗೆ ಯಾರಪ್ಪಾ ದುಡ್ಡು ಕೊಡ್ತಾರೆ? ನಾನು ದನಿ ಏರಿಸಿದೆ. ಅಕ್ಕ ಶರ್ಟು ಹಿಡಿದು ಎಳೆದಳು. ನನಗೆ ಕೌಂಟರ್ ಎದುರು ತಾಳ್ಮೆ ಇರಲ್ಲ, ಮೊದಲಿನಿಂದಲೂ ಹಾಗೇ.

ತಪ್ಪು ಆ ಹುಡುಗನದಲ್ಲ. ಇಂಡೆಂಟ್‌ಗೂ ಡಾಕ್ಟರ್ ಆರ್ಡರ್‌ಗೂ ಕೊಂಡಿಯೇ ಇಲ್ಲದ ಇಆರ್‌ಪಿ ಅನ್ನೋ ಆಸ್ಪತ್ರೆ ಸಾಫ್ಟ್‌ವೇರಿನದು. ಕೊಂಡಿ ಇದ್ದಿದ್ದರೆ, ಆರ್ಡರ್ ನಿಲ್ಲಿಸಿದ ಕೂಡಲೇ "ಏಳು ವಯಲ್ ವಾಪಸ್ ಬಾಕಿ" ಅಂತ ನರ್ಸ್ ಪರದೆಯ ಮೇಲೆ ಬರುತ್ತಿತ್ತು. ಆ ವಾಪಸಾತಿ, ಫಾರ್ಮಸಿ ವಯಲ್ ಕೊಟ್ಟಾಗ ದಾಖಲಾದ ಹಳೆಯ ಇಶ್ಯೂ ಸಾಲಿನ ಮೇಲೇ, ಅದೇ ಬ್ಯಾಚ್ ನಂಬರಿಗೆ ಆಗಬೇಕು. ಬೇರೆ ಬ್ಯಾಚಿಗೆ ಹಾಕಿದರೆ ಎಂಆರ್‌ಪಿ ಬೇರೆ, ಎಕ್ಸ್‌ಪೈರಿ ಬೇರೆ. ಬಿಲ್ಲೂ ಸ್ಟಾಕೂ ಎರಡೂ ಕೆಡುತ್ತವೆ. ವಾಪಸ್ ಆಗದಿದ್ದರೆ ಇನ್ನೊಂದು ತಮಾಷೆ: ಕಂಪ್ಯೂಟರಿನಲ್ಲಿ ಸ್ಟಾಕ್ ಖಾಲಿ, ಕಪಾಟಿನಲ್ಲಿ ವಯಲ್ ಇದೆ, ಫಾರ್ಮಸಿಯವರು ಹೊಸದಾಗಿ ಆರ್ಡರ್ ಹಾಕುತ್ತಾರೆ. ಕಪಾಟಿನದು ಅಲ್ಲೇ ಎಕ್ಸ್‌ಪೈರಿ ಆಗುತ್ತದೆ.

"ಎಮರ್ಜೆನ್ಸಿಯಲ್ಲಿ ಆರ್ಡರ್ ಕಾಯುತ್ತಾ ಕೂರೋಕಾಗುತ್ತಾ?" ಅಂತ ಕೇಳುವವರು ಬರುತ್ತೀರಿ. ಬೇಡ. ಎಮರ್ಜೆನ್ಸಿ ಟ್ರಾಲಿಯಿಂದ ತೆಗೆದುಕೊಳ್ಳಿ, ಆರ್ಡರ್ ಆಮೇಲೆ ಹಾಕಿಸಿ, ಅದಕ್ಕೂ ಸಾಫ್ಟ್‌ವೇರಿನಲ್ಲಿ ದಾರಿ ಮಾಡಬಹುದು. ಐದು ದಿನದ ಆ್ಯಂಟಿಬಯಾಟಿಕ್ ಯಾವ ಎಮರ್ಜೆನ್ಸಿ ಸ್ವಾಮಿ? ದಿನಕ್ಕೆ ಮೂರೇ ವಯಲ್ ಕೊಟ್ಟಿದ್ದರೆ ಒಂದು ಮಾತ್ರ ಉಳಿಯುತ್ತಿತ್ತು.

ಡಿಸ್ಚಾರ್ಜ್ ಕೋರಿಕೆ ಬಂದ 3 ಗಂಟೆಯೊಳಗೆ ವಿಮಾ ಕಂಪನಿ ಅಂತಿಮ ಒಪ್ಪಿಗೆ ಕೊಡಬೇಕು ಅಂತ 2024ರಲ್ಲಿ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಹೇಳಿದೆ. ಸಂತೋಷ. ಆದರೆ ಆ ಗಡಿಯಾರ ಶುರುವಾಗುವುದು ಆಸ್ಪತ್ರೆ ಕೋರಿಕೆ ಕಳಿಸಿದ ಮೇಲೆ. ಅದಕ್ಕೂ ಮುಂಚೆ ವಾರ್ಡಿನ ವಾಪಸಾತಿ ಹುಡುಕುತ್ತಾ ಹೋಗುವ ಹೊತ್ತು ಯಾರ ಲೆಕ್ಕಕ್ಕೂ ಇಲ್ಲ.

ಕೊನೆಗೆ ಏಳು ವಯಲ್ ಕೆಳಗೆ ಬಂದವು, ಬಿಲ್ ತಿದ್ದಿದರು. ನಿಮ್ಮವರ ಡಿಸ್ಚಾರ್ಜ್ ಇದ್ದರೆ ಹಿಂದಿನ ಸಂಜೆಯೇ ನರ್ಸ್ ಹತ್ತಿರ ಹೋಗಿ "ಸಿಸ್ಟರ್, ಫಾರ್ಮಸಿಗೆ ವಾಪಸ್ ಏನಾದರೂ ಬಾಕಿ ಇದೆಯಾ?" ಅಂತ ಕೇಳಿ.