ಗೆಳತಿಯೇ ಗುಟ್ಟು ಬಿಟ್ಟುಕೊಟ್ಟಾಗ ಮಾತು ಎತ್ತುವುದು ಹೇಗೆ

ಶಿರಸಿ ಕಡೆಯ ಒಂದು ಸಂದರ್ಭ ಇಟ್ಟುಕೊಳ್ಳಿ. ಕೊಳೆರೋಗಕ್ಕೆ ಅಡಿಕೆ ಉದುರಿ ಸೊಸೈಟಿ ಸಾಲದ ಕಂತು ತಪ್ಪಿದೆ. ನೀವು ಇದನ್ನು ಹೇಳಿಕೊಂಡದ್ದು ಒಬ್ಬ ಗೆಳತಿಯ ಹತ್ತಿರ ಮಾತ್ರ. ಸ್ವಲ್ಪ ದಿನಕ್ಕೆ ಯಾರದೋ ಮನೆಯ ಉಪನಯನದಲ್ಲಿ, ಊಟಕ್ಕೆ ಕೂತಾಗ, ಪಕ್ಕದವರು ಕೇಳುತ್ತಾರೆ: "ಸೊಸೈಟಿ ಕಂತು ತಪ್ಪಿತಂತೆ, ತೋಟ ಮಾರ್ತ್ರಂತೆ, ಹೌದಾ?"

ಅಲ್ಲೇ ಫೋನ್ ತೆಗೆಯಬೇಡಿ. ಮೊದಲು ಮನೆಯಲ್ಲಿ ವಿಚಾರಿಸಿ, ಗಂಡನೋ ಅತ್ತೆಯೋ ಬೇರೆ ಕಡೆ ಬಾಯಿಬಿಟ್ಟಿರಬಹುದು. ಇಲ್ಲ ಅಂತಾದರೆ ಆ ಮಾತನ್ನು ಎರಡು ಪಾಲು ಮಾಡಿ ನೋಡಿ. ಕಂತು ತಪ್ಪಿದ್ದು ಗೆಳತಿಯಿಂದ ಹೋಗಿದೆ. ತೋಟ ಮಾರುವ ಸುದ್ದಿ ದಾರಿಯಲ್ಲಿ ಸೇರಿಕೊಂಡಿರಬಹುದು. ಎರಡನ್ನೂ ಅವಳ ತಲೆಗೆ ಕಟ್ಟಿದಿರೋ, "ನಾನು ಹಾಗೆ ಹೇಳೇ ಇಲ್ಲ" ಅನ್ನುತ್ತಾಳೆ. ಅದು ನಿಜವೂ ಹೌದು. ಅಷ್ಟಕ್ಕೆ ಅವಳು ಹೇಳಿದ ಭಾಗವೂ ಮುಚ್ಚಿಹೋಗುತ್ತದೆ.

ಹೆಚ್ಚಿನವರು ಎಡವುವುದು "ನೀ ಹೇಳಿದ್ಯಾ?" ಅಂತ ಕೇಳಿ. ಹೆದರಿದವಳ ಬಾಯಲ್ಲಿ ಮೊದಲು ಬರುವುದು "ಇಲ್ಲ". ಒಮ್ಮೆ ಇಲ್ಲ ಅಂದಮೇಲೆ ಆ ಸುಳ್ಳನ್ನು ಕಾಪಾಡುವುದೇ ಅವಳ ಕೆಲಸವಾಗುತ್ತದೆ, ಸ್ನೇಹ ಕೆಡುವುದು ಅಲ್ಲಿಂದ. ಆದ್ದರಿಂದ ಕೇಳಬೇಡಿ, ಹೇಳಿ: "ಕಂತಿನ ವಿಷ್ಯ ನಿಂಗೊಬ್ಬಳಿಗೇ ಹೇಳಿದ್ದೆ ಮಾರಾಯ್ತಿ. ಅದು ಹೊರಗಿಂದ ನನ್ನ ಕಿವಿಗೆ ಬಂತು. ತುಂಬ ಬೇಜಾರಾಯ್ತು." ಇಷ್ಟು ಹೇಳಿ ಸುಮ್ಮನಿರಿ. ಆ ಮೌನ ಎಷ್ಟು ಕಷ್ಟವಾದರೂ ನೀವಾಗಿ ತುಂಬಬೇಡಿ. ಹಳೆಯ ನಾಲ್ಕು ದೂರು ಹೊರಬರುವುದು ಆಗಲೇ.

ವಾಟ್ಸಾಪಿನಲ್ಲಂತೂ ಈ ಮಾತು ಬೇಡವೇ ಬೇಡ, ಬರೆದದ್ದು ಸ್ಕ್ರೀನ್‌ಶಾಟ್ ಆಗಿ ಇನ್ನೊಂದು ಸುತ್ತು ಹೊರಡುತ್ತದೆ. ಅವಳ ಮನೆಯೂ ಬೇಡ, ಒಳಗಿನವರಿಗೆ ಕೇಳಿಸಿದರೆ ಅವಳಿಗೆ ಮರ್ಯಾದೆಯ ಪ್ರಶ್ನೆ. ಇಬ್ಬರೇ ನಡೆದು ಹೋಗುವಾಗ ಹೇಳುವುದು ವಾಸಿ. ಮುಖಕ್ಕೆ ಮುಖ ಕೊಟ್ಟು ಕೂರಬೇಕಿಲ್ಲ, ತಪ್ಪು ಒಪ್ಪುವುದು ಅವಳಿಗೂ ಸುಲಭ.

"ಯಾರು ಹೇಳಿದ್ರು ನಿಂಗೆ?" ಅಂತ ಅವಳು ಕೇಳಿಯೇ ಕೇಳುತ್ತಾಳೆ. ಹೆಸರು ಕೊಟ್ಟರೆ ಜಗಳ ಆ ಮೂರನೆಯವರ ಕಡೆ ತಿರುಗುತ್ತದೆ. "ಅದು ಬಿಡು, ನಮ್ಮಿಬ್ಬರದ್ದು ಮಾತಾಡುವ" ಅಂದರೆ ಸಾಕು. ಮನಸ್ಸಿನಿಂದ ಒಪ್ಪಿದವಳು ಯಾರ ಹತ್ತಿರ, ಎಷ್ಟು ಹೇಳಿದೆ ಅಂತ ತಾನಾಗಿ ಬಿಡಿಸಿ ಹೇಳುತ್ತಾಳೆ. "ನಿಂಗೆ ಬೇಜಾರಾಗಿದ್ರೆ ಸಾರಿ" ಅಂದು ಮುಗಿಸಿದರೆ ಇನ್ನೂ ಒಪ್ಪಿಲ್ಲ ಅಂತಲೇ ಲೆಕ್ಕ. ಹಾಗಂತ ಅವತ್ತೇ ಹಿಂಡಲು ಹೋಗಬೇಡಿ, ಎರಡು ದಿನ ಬಿಟ್ಟು ಅವಳೇ ಫೋನ್ ಮಾಡುವುದೂ ಉಂಟು.

ಒಪ್ಪಿದರೆ ಒಂದೇ ಕೆಲಸ ಕೇಳಿ: ಯಾರಿಗೆ ಹೇಳಿದ್ದಳೋ ಅವರಿಗೆ, "ತೋಟ ಮಾರೋದು ಸುಳ್ಳು, ನಾನು ಆ ವಿಷಯ ಎತ್ತಬಾರದಿತ್ತು" ಅಂತ ಅವಳೇ ಹೇಳಬೇಕು. ಊರಿಗೆಲ್ಲ ಸಾರಬೇಕಾಗಿಲ್ಲ. ಇದಕ್ಕೂ ಒಲ್ಲೆ ಅಂದರೆ, ಅಥವಾ ಒಪ್ಪಿದ ಮೇಲೂ ಹೊಸ ಗುಟ್ಟು ಹೊರಬಿದ್ದರೆ, ದುಡ್ಡಿನ ಮತ್ತು ಮನೆಯ ವಿಷಯ ಅವಳ ಹತ್ತಿರ ಎತ್ತಬೇಡಿ. ಜಾತ್ರೆಗೆ ಒಟ್ಟಿಗೆ ಹೋಗಿ, ಹಪ್ಪಳಕ್ಕೆ ಕರೆಯಿರಿ, ಮಕ್ಕಳ ಶಾಲೆಯ ಸುದ್ದಿ ಮಾತಾಡಿ. ಅಷ್ಟರ ಮಟ್ಟಿಗಿನ ಸ್ನೇಹವೂ ಸ್ನೇಹವೇ, ಅದನ್ನು ಕಳೆದುಕೊಳ್ಳುವ ಅಗತ್ಯ ನನಗಂತೂ ಕಾಣುವುದಿಲ್ಲ.