ಹದಿನೇಳರಲ್ಲಿ ಕೊಂಡ ಫೋನು, ಹದಿನೆಂಟರಲ್ಲಿ ಹಾಕಿದ ಸಹಿ

ಕಾಸರಗೋಡು ಪೇಟೆಯ ಒಂದು ಮೊಬೈಲ್ ಅಂಗಡಿ ಎಂದಿಟ್ಟುಕೊಳ್ಳಿ. ಪ್ಲಸ್ ಟು ಓದುವ ಹುಡುಗನೊಬ್ಬ 2024ರ ನವೆಂಬರ್ 10ರಂದು ಅಲ್ಲಿ 78,000 ರೂಪಾಯಿಯ ಫೋನು ಕೊಂಡ. ಮುಂಗಡ 12,000, ಉಳಿದ 66,000ಕ್ಕೆ ತಿಂಗಳಿಗೆ 5,500ರಂತೆ ಹನ್ನೆರಡು ಕಂತು. ಫಾರ್ಮಿನಲ್ಲಿ ವಯಸ್ಸು 19 ಎಂದು ಬರೆದ. ಅಂಗಡಿಯವರು ಎಸ್ಸೆಸ್ಸೆಲ್ಸಿ ಪುಸ್ತಕವನ್ನಾಗಲೀ ಆಧಾರನ್ನಾಗಲೀ ಕೇಳಲಿಲ್ಲ, ತಂದೆಯ ಸಹಿಯೂ ಬೇಕೆನ್ನಲಿಲ್ಲ. ಅವನು ಹುಟ್ಟಿದ್ದು 2007ರ ಮಾರ್ಚ್ 4. ಅಂದರೆ 2025ರ ಮಾರ್ಚ್ 4 ಶುರುವಾದ ಗಳಿಗೆಯಲ್ಲಿ ಅವನು ಪ್ರಾಪ್ತ ವಯಸ್ಕನಾದ.

ಡಿಸೆಂಬರ್, ಜನವರಿ, ಫೆಬ್ರವರಿಯ ಕಂತುಗಳನ್ನು ಹದಿನೆಂಟು ತುಂಬುವ ಮೊದಲು ಕಟ್ಟಿದ. ಮಾರ್ಚ್, ಏಪ್ರಿಲಿನದನ್ನು ತುಂಬಿದ ಮೇಲೆ. ಮುಂಗಡವೂ ಸೇರಿ ಒಟ್ಟು 39,500 ಸಂದಾಯವಾಯಿತು, ಬಾಕಿ 38,500. ಏಪ್ರಿಲ್ 20ಕ್ಕೆ ಸ್ಕ್ರೀನ್ ಒಡೆಯಿತು. ಅದೇ ಅಂಗಡಿಗೆ ರಿಪೇರಿಗೆ ಕೊಟ್ಟ. ರಿಪೇರಿ ಚೀಟಿಯಲ್ಲಿ ‘ಹೊಸ ಸ್ಕ್ರೀನ್ 9,500’ ಎಂದಿತ್ತು. 22ಕ್ಕೆ ಫೋನು ತರಲು ಹೋದಾಗ ಕೈಯಲ್ಲಿ ದುಡ್ಡಿರಲಿಲ್ಲ. ಅಂಗಡಿಯವರು ಒಂದು ಕಾಗದ ಮುಂದಿಟ್ಟರು: ‘ಹಳೇ ಬಾಕಿ 38,500, ಸ್ಕ್ರೀನ್ 9,500, ಒಟ್ಟು 48,000, ತಿಂಗಳಿಗೆ 6,000ದಂತೆ ಎಂಟು ತಿಂಗಳಲ್ಲಿ ಕೊಡುತ್ತೇನೆ.’ ಹುಡುಗ ಸಹಿ ಹಾಕಿ ಫೋನು ತೆಗೆದುಕೊಂಡು ಹೋದ. ಆಮೇಲೆ ಒಂದು ಪೈಸೆಯನ್ನೂ ಕೊಡಲಿಲ್ಲ. ಫೋನು ಈಗಲೂ ಅವನ ಬಳಿಯೇ ಇದೆ. ಹಳೆಯದೆಂದು ಮಾರಿದರೆ 41,000 ಬಂದೀತು.

ಅಂಗಡಿಯವರು 48,000ಕ್ಕೆ ದಾವೆ ಹೂಡಿದ್ದಾರೆ. ಆ ಹಣ ಅವರಿಗೆ ಸಿಗಬೇಕೇ?

ಪರ: ಸಿಗಬೇಕು

ಮೊದಲು ಒಪ್ಪಿಕೊಳ್ಳಬೇಕಾದ್ದನ್ನು ಒಪ್ಪಿಬಿಡೋಣ. ನವೆಂಬರ್ 10ರ ಕರಾರು ಶೂನ್ಯ. 1872ರ ಕರಾರು ಕಾಯ್ದೆಯ 11ನೇ ಕಲಂ ಪ್ರಕಾರ ಅಪ್ರಾಪ್ತ ವಯಸ್ಕನಿಗೆ ಕರಾರು ಮಾಡುವ ಅರ್ಹತೆಯೇ ಇಲ್ಲ. ಅವನು ಮಾಡಿದ ಕರಾರು ಬೇಡವೆಂದಾಗ ಬಿಡಬಹುದಾದ ಕರಾರಲ್ಲ, ಹುಟ್ಟಿನಿಂದಲೇ ಇಲ್ಲದ ಕರಾರು ಎಂದು ಬ್ರಿಟಿಷರ ಕಾಲದಲ್ಲಿ ನಮಗೆ ಕೊನೆಯ ಮೇಲ್ಮನವಿಯ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ 1903ರಲ್ಲಿ ಮೋಹೋರಿ ಬೀಬಿ ಪ್ರಕರಣದಲ್ಲಿ ಹೇಳಿತು. ಇಲ್ಲದ್ದನ್ನು ಆಮೇಲೆ ಅನುಮೋದಿಸಲು ಬರುವುದಿಲ್ಲ. ಆದ್ದರಿಂದ ‘ಹದಿನೆಂಟು ತುಂಬಿದ ಮೇಲೂ ಎರಡು ಕಂತು ಕಟ್ಟಿದ್ದಾನೆ, ಅದೇ ಅನುಮೋದನೆ’ ಎಂದು ವಾದಿಸುವ ವಕೀಲರು ತಮ್ಮ ಸಮಯ ಹಾಳುಮಾಡಿಕೊಳ್ಳುತ್ತಾರೆ. ವಯಸ್ಸಿನ ಬಗ್ಗೆ ಸುಳ್ಳು ಹೇಳಿದ್ದಾನೆ, ಈಗ ಬಾಯಿ ಬಿಡಬಾರದು ಎಂಬ ವಾದವೂ ನಿಲ್ಲುವುದಿಲ್ಲ. ಕಾಯ್ದೆ ಕೊಟ್ಟ ರಕ್ಷಣೆಯನ್ನು ಹುಡುಗನ ಸುಳ್ಳೊಂದು ಕಿತ್ತುಕೊಳ್ಳಲಾರದು.

ನನ್ನ ವಾದ ನಿಂತಿರುವುದು ಏಪ್ರಿಲ್ 22ರ ಕಾಗದದ ಮೇಲೆ. ಅಂದು ಸಹಿ ಹಾಕಿದವನು ಪ್ರಾಪ್ತ ವಯಸ್ಕ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: ಆ ಕಾಗದಕ್ಕೆ ಹೊಸ ಪ್ರತಿಫಲ, ಅಂದರೆ ಹುಡುಗ ಕೊಟ್ಟ ಮಾತಿಗೆ ಬದಲಾಗಿ ಅಂಗಡಿಯವರು ಹೊಸದಾಗಿ ಕೊಟ್ಟದ್ದು, ಇತ್ತೇ? ಇತ್ತು. ರಿಪೇರಿ ಚೀಟಿಯಲ್ಲಿ 9,500 ಎಂದಿತ್ತೇ ಹೊರತು ಅದನ್ನು ಸಾಲವಾಗಿ ಕೊಡುತ್ತೇವೆ ಎಂದಿರಲಿಲ್ಲ. ದುಡ್ಡು ಕೊಡುವವರೆಗೆ ಫೋನನ್ನು ಇಟ್ಟುಕೊಳ್ಳಬಹುದಾಗಿದ್ದ ಅಂಗಡಿಯವರು ಅದನ್ನು ಬಿಟ್ಟುಕೊಟ್ಟರು, ಎಂಟು ತಿಂಗಳ ಅವಕಾಶವನ್ನೂ ಕೊಟ್ಟರು. ಇವೆರಡೂ ಹೊಸವು, ಇವೆರಡೂ ಪ್ರಾಪ್ತ ವಯಸ್ಕನಿಗೆ ಸಿಕ್ಕಿದವು. ಪ್ರತಿಫಲ ಸಾಕಷ್ಟಿತ್ತೇ ಎಂದು ನ್ಯಾಯಾಲಯ ತೂಗಿ ನೋಡುವುದಿಲ್ಲ. ಒಪ್ಪಿಗೆ ಮನಃಪೂರ್ವಕವಾಗಿದ್ದರೆ ಪ್ರತಿಫಲ ಕಡಿಮೆಯಾಯಿತೆಂಬ ಕಾರಣಕ್ಕೆ ಕರಾರು ಶೂನ್ಯವಾಗದು ಎಂದು 25ನೇ ಕಲಮಿನ ಎರಡನೇ ವಿವರಣೆಯೇ ಹೇಳುತ್ತದೆ.

ಇದು ಬರಿಯ ತರ್ಕವಲ್ಲ. ಕಲ್ಕತ್ತಾ ಹೈಕೋರ್ಟು ಇಪ್ಪತ್ತನೇ ಶತಮಾನದ ಆರಂಭದಲ್ಲೇ ಕುಂದನ್ ಬೀಬಿ ಪ್ರಕರಣದಲ್ಲಿ ಇದೇ ದಾರಿ ಹಿಡಿದಿತ್ತು. ಅಪ್ರಾಪ್ತನಾಗಿದ್ದಾಗ ಸರಕು ಪಡೆದವನು ಪ್ರಾಪ್ತ ವಯಸ್ಕನಾದ ಮೇಲೆ ಹೊಸದಾಗಿ ಹಣ ಪಡೆದು, ಹಳೆಯದನ್ನೂ ಹೊಸದನ್ನೂ ಸೇರಿಸಿ ಬಾಂಡು ಬರೆದುಕೊಟ್ಟಿದ್ದ. ಆ ಬಾಂಡು ಊರ್ಜಿತವಾಯಿತು. ನಮ್ಮ ಹುಡುಗನ ಕಾಗದ ಅದರ ತಮ್ಮನಂತಿದೆ.

ಒಂದು ವೇಳೆ ಈ ವಾದ ಸೋತರೂ ಅಂಗಡಿಯವರು ಬರಿಗೈಯಲ್ಲಿ ಮರಳಬೇಕಿಲ್ಲ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 33ನೇ ಕಲಮಿನಲ್ಲಿ ಇಂಥದ್ದಕ್ಕೇ ಜಾಗ ಮಾಡಿದ್ದಾರೆ. ‘ನಾನು ಅಪ್ರಾಪ್ತನಾಗಿದ್ದೆ’ ಎಂದು ಹೇಳಿ ಪ್ರತಿವಾದಿ ದಾವೆಯನ್ನು ಗೆದ್ದರೆ, ಕರಾರಿನಿಂದ ಅವನಿಗೋ ಅವನ ಆಸ್ತಿಗೋ ಎಷ್ಟು ಲಾಭವಾಗಿದೆಯೋ ಅಷ್ಟನ್ನು ಮರಳಿಸು ಎಂದು ನ್ಯಾಯಾಲಯ ಆಜ್ಞೆ ಮಾಡಬಹುದು. ಈ ಕಲಂ ಬರುವ ಮೊದಲು ಹೈಕೋರ್ಟುಗಳಲ್ಲಿ ಒಮ್ಮತವಿರಲಿಲ್ಲ. ಲಾಹೋರಿನ ಪೂರ್ಣ ಪೀಠ 1928ರಲ್ಲಿ ಖಾನ್ ಗುಲ್ ಪ್ರಕರಣದಲ್ಲಿ, ವಯಸ್ಸು ಮರೆಮಾಚಿ ಹಣ ಪಡೆದ ಹುಡುಗ ಆ ಹಣವನ್ನೇ ಮರಳಿಸಬೇಕೆಂದಿತು. ಅಲಹಾಬಾದಿನ ಪೂರ್ಣ ಪೀಠ 1937ರಲ್ಲಿ ಒಪ್ಪಲಿಲ್ಲ. 1963ರ ಕಾಯ್ದೆ ವಾಲಿದ್ದು ಲಾಹೋರಿನ ಕಡೆಗೆ.

ಹಾಗಾಗಿ ದಾವೆ ಬರೆಯುವಾಗ 48,000ದ ಬೇಡಿಕೆಯ ಕೆಳಗೆ ಬದಲಿ ಬೇಡಿಕೆಯನ್ನೂ ತಪ್ಪದೆ ಬರೆಯಬೇಕು: ಫೋನಿನ ಹೆಸರು, ಬಣ್ಣ, ಬಿಲ್ಲಿನಲ್ಲಿರುವ ಐಎಂಇಐ ನಂಬರು, ಅದನ್ನು ಮರಳಿಸಬೇಕು, ಇಲ್ಲವಾದರೆ ಅದರ ಇಂದಿನ ಬೆಲೆ ಕೊಡಬೇಕು ಎಂದು. ಬದಲಿ ಬೇಡಿಕೆಯೇ ಇಲ್ಲದ ದಾವೆ ವಯಸ್ಸಿನ ಒಂದೇ ಪೆಟ್ಟಿಗೆ ಬಿದ್ದುಹೋಗುವ ಅಪಾಯವಿದೆ. ಹುಡುಗನಿಗೆ ಈಗ ಹದಿನೆಂಟು ದಾಟಿರುವುದರಿಂದ ದಾವೆಯನ್ನು ಅವನ ಹೆಸರಿನಲ್ಲೇ ಹೂಡಬೇಕು. ತಂದೆಯನ್ನು ಸೇರಿಸಿ ಪ್ರಯೋಜನವಿಲ್ಲ. ಅವರು ಜಾಮೀನೂ ನಿಂತಿಲ್ಲ, ಸಹಿಯನ್ನೂ ಹಾಕಿಲ್ಲ.

ವಿರೋಧ: 48,000 ಸಿಗಬಾರದು

ಏಪ್ರಿಲ್ 22ರ ಕಾಗದವನ್ನು ಇನ್ನೊಮ್ಮೆ ಓದಿ. ಅದರಲ್ಲಿ ಇರುವುದು ಎರಡು ಸಾಲು. ಸ್ಕ್ರೀನಿಗೆ 9,500 ಎಂದು ಪೂರ್ತಿ ಬೆಲೆ ಹಾಕಲಾಗಿದೆ. ಆ ಬೆಲೆ ಸ್ಕ್ರೀನಿಗೇ ಸಂದಿತು. ಹಾಗಾದರೆ 38,500ರ ಎದುರು ಅಂಗಡಿಯವರು ಕೊಟ್ಟದ್ದೇನು? ನವೆಂಬರಿನಲ್ಲಿ ಕೊಟ್ಟ ಫೋನು. ಅದು ಕೈಬದಲಾದದ್ದು ಕರಾರು ಮಾಡಲಾಗದ ಹುಡುಗನಿಗೆ. ಅಂಥ ಹಳೆಯ ಪ್ರತಿಫಲ ಹೊಸ ವಾಗ್ದಾನಕ್ಕೆ ಆಧಾರವಾಗದು ಎಂದು ಮದರಾಸು ಹೈಕೋರ್ಟು 1906ರಲ್ಲೇ ಹೇಳಿದೆ: ಅಪ್ರಾಪ್ತನಾಗಿದ್ದಾಗಿನ ಸಾಲಕ್ಕೆ ಪ್ರಾಪ್ತನಾದ ಮೇಲೆ ಬರೆದುಕೊಟ್ಟ ಪ್ರಾಮಿಸರಿ ನೋಟು ಅಲ್ಲಿ ಬಿದ್ದುಹೋಯಿತು. 1956ರವರೆಗೆ ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡಿನ ಹಿರಿಯರಿಗೆ ಅದೇ ಮೇಲಿನ ನ್ಯಾಯಾಲಯವಾಗಿತ್ತು. ಅಲಹಾಬಾದೂ 1928ರಲ್ಲಿ ಸೂರಜ್ ನಾರಾಯಣ ದುಬೆ ಪ್ರಕರಣದಲ್ಲಿ ಅದೇ ನಿಲುವು ತಳೆಯಿತು. ‘ಸ್ವಇಚ್ಛೆಯಿಂದ ಮಾಡಿದ ಉಪಕಾರಕ್ಕೆ ಆಮೇಲೆ ಕೊಡುವ ಮಾತು’ ಎಂಬ 25ನೇ ಕಲಮಿನ ವಿನಾಯಿತಿಯೂ ಇಲ್ಲಿ ಒದಗದು. ಬೆಲೆ ಕಟ್ಟಿ ಮಾರಿದ ಫೋನು ಉಪಕಾರವಲ್ಲ.

ಕುಂದನ್ ಬೀಬಿಯಲ್ಲಿ ಹೊಸ ಹಣ ಕೈಗೆ ಬಂದಿತ್ತು. ಇಲ್ಲಿ ರಿಪೇರಿಯ ಮಾತು ಮುಗಿದದ್ದು 20ನೇ ತಾರೀಕಿಗೆ, 9,500ಕ್ಕೆ. ಅಷ್ಟು ಕೊಟ್ಟರೆ ಫೋನು ಮರಳಿಸಲು ಅಂಗಡಿಯವರು ಆಗಲೇ ಬದ್ಧರಾಗಿದ್ದರು. ಎರಡು ದಿನ ಬಿಟ್ಟು ಹಳೆಯ ಬಾಕಿಯನ್ನು ಅದಕ್ಕೆ ಗಂಟುಹಾಕಿದರು. ರಿಪೇರಿ ಚೀಟಿಯ ತಾರೀಕನ್ನೂ ಕಾಗದದ ತಾರೀಕನ್ನೂ ಪಕ್ಕಪಕ್ಕ ಇಟ್ಟರೆ ಇದು ಕಣ್ಣಿಗೆ ಕಾಣುತ್ತದೆ. ವಕೀಲರು ಮೊದಲು ಕೇಳಿ ಪಡೆಯಬೇಕಾದ ಚೀಟಿ ಅದು.

ನನ್ನ ವಾದ ತೆಳುವಾಗುವ ಜಾಗವೊಂದಿದೆ, ಅದನ್ನು ಮುಚ್ಚಿಡುವುದಿಲ್ಲ. ಸ್ಕ್ರೀನಿನ ಹಣಕ್ಕೆ ಅವಕಾಶ ಕೊಟ್ಟದ್ದು ನಿಜವಾಗಿಯೂ ಹೊಸದು. ಆದರೆ ಆ ಅವಕಾಶ 9,500ಕ್ಕೆ ಮಾತ್ರ ಬೆಲೆಯುಳ್ಳದ್ದು. 38,500ಕ್ಕೆ ಅವಕಾಶ ಕೊಟ್ಟೆ ಎನ್ನಲು ಮೊದಲು ಆ ಬಾಕಿ ಕಾನೂನಿನಲ್ಲಿ ಇರಬೇಕು. ಇಲ್ಲದ ಬಾಕಿಗೆ ಅವಕಾಶ ಕೊಡುವುದು ಏನನ್ನೂ ಕೊಟ್ಟಂತಲ್ಲ. 9,500ರ ನೂಲಿನಿಂದ 38,500ನ್ನು ಎಳೆದು ತರಬಹುದಾದರೆ, ಹುಡುಗರಿಗೆ ಕಂತಿನಲ್ಲಿ ಮಾರುವ ಪ್ರತಿ ಅಂಗಡಿಯೂ ಹದಿನೆಂಟನೇ ಹುಟ್ಟುಹಬ್ಬದ ಮಾರನೆಯ ದಿನ ಒಂದು ಕವರನ್ನೋ ಚಾರ್ಜರನ್ನೋ ಸಾಲಕ್ಕೆ ಕೊಟ್ಟು ಹಳೆಯ ಲೆಕ್ಕಕ್ಕೆಲ್ಲ ಸಹಿ ಪಡೆದುಬಿಡಬಹುದು. 11ನೇ ಕಲಂ ಇದ್ದೂ ಇಲ್ಲದಂತಾಗುತ್ತದೆ. ಆ 9,500 ಸಂದಾಯವಾಗಲಿ, ಅದು ಪ್ರಾಪ್ತ ವಯಸ್ಕನ ಸಾಲ. ಅದರಾಚೆಗೆ ಆ ಕಾಗದಕ್ಕೆ ಬಲವಿಲ್ಲ.

ಅಪ್ರಾಪ್ತನಿಗೆ ಅವಶ್ಯಕ ವಸ್ತು ಕೊಟ್ಟವರು ಅದರ ಹಣ ಪಡೆಯಬಹುದೆಂಬ, ಕರಾರು ಕಾಯ್ದೆಯ 68ನೇ ಕಲಮಿನ ದಾರಿಯೂ ಇಲ್ಲಿ ಮುಚ್ಚಿದೆ. ಓದಿಗೆ ಫೋನು ಬೇಕು, 78,000ದ್ದೇ ಬೇಕೆಂದಿಲ್ಲ. ಅವನ ಸ್ಥಿತಿಗತಿಗೆ ಅದು ತಕ್ಕದ್ದೆಂದೂ ಆಗ ಅವನ ಬಳಿ ಬೇರೆ ಫೋನಿರಲಿಲ್ಲವೆಂದೂ ತೋರಿಸುವ ಹೊಣೆ ಅಂಗಡಿಯದೇ. ತೋರಿಸಿದರೂ ಹಣ ಬರಬೇಕಾದ್ದು ಹುಡುಗನ ಸ್ವಂತ ಆಸ್ತಿಯಿಂದ. ವೈಯಕ್ತಿಕವಾಗಿ ಅವನು ಹೊಣೆಯಲ್ಲ.

ಉಳಿದದ್ದು ಮರಳಿಸುವ ಮಾತು. ಫೋನು ಕೈಯಲ್ಲೇ ಇರುವಾಗ ಅದನ್ನು ಇಟ್ಟುಕೊಂಡು ಹಣವನ್ನೂ ಕೊಡದಿರುವುದು ಸರಿಯಲ್ಲ, ಇದನ್ನು ನಾನು ಒಪ್ಪುತ್ತೇನೆ. ಆದರೆ ಎದುರಿನವರು ಲೆಕ್ಕವನ್ನು ಅರ್ಧಕ್ಕೇ ನಿಲ್ಲಿಸಿದ್ದಾರೆ. ಅಂಗಡಿಗೆ ಈಗಾಗಲೇ 39,500 ಸಂದಿದೆ. 41,000 ಬೆಲೆಯ ಫೋನೂ ಹೋದರೆ 80,500. ಸ್ಕ್ರೀನಿನ 9,500 ಸೇರಿದರೆ 90,000. ಅಂಗಡಿ ಕೊಟ್ಟದ್ದು 78,000ದ ಫೋನು, 9,500ರ ಸ್ಕ್ರೀನು, ಒಟ್ಟು 87,500. ಶೂನ್ಯ ಕರಾರಿನಿಂದ ಅಂಗಡಿಗೆ 2,500 ಹೆಚ್ಚು ಬರುತ್ತದೆ, ಹುಡುಗನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಕರಾರು ಊರ್ಜಿತವಾಗಿದ್ದರೂ ಅಂಗಡಿಗೆ ಸಿಗುತ್ತಿದ್ದುದು 87,500 ಮಾತ್ರ!

33ನೇ ಕಲಂ ‘ಆಜ್ಞೆ ಮಾಡಬೇಕು’ ಎನ್ನುವುದಿಲ್ಲ, ‘ಮಾಡಬಹುದು’ ಎನ್ನುತ್ತದೆ. ಅದರ ಅಳತೆ ಹುಡುಗನಿಗಾದ ಲಾಭವೇ ಹೊರತು ಅಂಗಡಿಗಾದ ನಷ್ಟವಲ್ಲ. ಐದಾರು ತಿಂಗಳು ಬಳಸಿದ್ದಕ್ಕೆ ಸಂದಾಯದಲ್ಲಿ ಒಂದು ಪಾಲು ಅಂಗಡಿಗೆ ಉಳಿಯಲಿ. ಕಟ್ಟಿದ ಹಣವನ್ನೆಲ್ಲ ವಾಪಸು ಕೇಳುವ ಹಕ್ಕು ಬಳಸಿದವನಿಗಿಲ್ಲವೆಂದು ಇಂಗ್ಲೆಂಡಿನ ನ್ಯಾಯಾಲಯ 1889ರಲ್ಲೇ ವಾಲೆಂಟೀನಿ ಪ್ರಕರಣದಲ್ಲಿ ಹೇಳಿದೆ, ಅದು ನ್ಯಾಯವೇ. ಆದರೆ ಫೋನು ಮರಳಿಸು ಎನ್ನುವ ನ್ಯಾಯಾಧೀಶರು ಸಂದ 39,500ನ್ನೂ ಎದುರಿಗಿಟ್ಟುಕೊಳ್ಳಬೇಕು. ಹುಡುಗನ ಕಡೆಯ ವಕೀಲರು ಕಂತಿನ ರಸೀದಿಗಳನ್ನೆಲ್ಲ ಹಾಜರುಪಡಿಸದಿದ್ದರೆ ಈ ಲೆಕ್ಕ ಯಾರ ಕಣ್ಣಿಗೂ ಬೀಳುವುದಿಲ್ಲ. ಯುಪಿಐಯಲ್ಲಿ ಕಟ್ಟಿದ್ದರೆ ಬ್ಯಾಂಕಿನ ಸ್ಟೇಟ್‌ಮೆಂಟ್ ಸಾಕು.

ಫೋನು ಅವನ ಬಳಿ ಇಲ್ಲದಿದ್ದರೆ ಮಾತು ಬೇರೆ. ಮಾರಿ ಬಂದ ಹಣದಲ್ಲಿ ಸ್ಕೂಟರ್ ಕೊಂಡಿದ್ದರೆ ಲಾಭ ಇನ್ನೂ ಅವನ ಆಸ್ತಿಯಲ್ಲಿದೆ, ಕೇಳಬಹುದು. ಊಟ, ತಿರುಗಾಟಕ್ಕೆ ಕರಗಿಹೋಗಿದ್ದರೆ ಮರಳಿಸಲು ಏನಿದೆ? ಅದರ ಬೆಲೆ ಕೊಡು ಎಂದರೆ ಶೂನ್ಯವಾದ ಸಾಲವನ್ನೇ ಬೇರೆ ಹೆಸರಿನಲ್ಲಿ ವಸೂಲು ಮಾಡಿದಂತೆ. ಅಂಗಡಿಯ ನಡತೆಗೂ ಇಲ್ಲಿ ತೂಕವಿದೆ. ಮೋಹೋರಿ ಬೀಬಿಯಲ್ಲಿ ಸಾಲ ಕೊಟ್ಟವರ ಕಡೆಯವನಿಗೆ ಹುಡುಗನ ವಯಸ್ಸು ಗೊತ್ತಿತ್ತು; ಆದ್ದರಿಂದಲೇ ಅವರಿಗೆ ಒಂದು ರೂಪಾಯಿಯೂ ಮರಳಿ ಸಿಗಲಿಲ್ಲ. ನಮ್ಮ ಅಂಗಡಿಗೆ ಗೊತ್ತಿತ್ತೆಂದು ನಾನು ಹೇಳುವುದಿಲ್ಲ. ಆದರೆ ಮೀಸೆ ಚಿಗುರುತ್ತಿರುವ ಹುಡುಗನಿಗೆ 66,000ದ ಸಾಲ ಕೊಡುವಾಗ ಎಸ್ಸೆಸ್ಸೆಲ್ಸಿ ಪುಸ್ತಕದ ಮೊದಲ ಪುಟ ನೋಡಲು ಒಂದು ನಿಮಿಷ ಸಾಕಿತ್ತು. ತಂದೆಯನ್ನು ಕರೆಸಿ ಅವರ ಹೆಸರಿನಲ್ಲೇ ಕಂತು ಬರೆದುಕೊಂಡಿದ್ದರೆ ಸಾಲಗಾರ ಅವರಾಗುತ್ತಿದ್ದರು, 11ನೇ ಕಲಮಿನ ಪ್ರಶ್ನೆಯೇ ಏಳುತ್ತಿರಲಿಲ್ಲ.